ಚಾರ್ಜ್ ಇಲ್ಲದ ನ್ಯೂಟ್ರಾನ್ ಪಲ್ಸ್ ಕೊಡುವುದು ಹೇಗೆ?

ಪ್ರಶ್ನೆ: ಲ್ಯಾಬ್‌ನಲ್ಲಿ ಹೀಲಿಯಂ-3 ಟ್ಯೂಬ್ ಇಟ್ಟು ನ್ಯೂಟ್ರಾನ್ ಎಣಿಸಿದೆವು. ಸ್ಪೆಕ್ಟ್ರಮ್‌ನಲ್ಲಿ 640ನೇ ಚಾನೆಲ್ ಹತ್ತಿರ ಎತ್ತರದ ಪೀಕ್ ಬಂತು. ಅದರ ಎಡಕ್ಕೆ 480ರ ಹತ್ತಿರ ಒಂದು ಮೆಟ್ಟಿಲು, 160ರ ಹತ್ತಿರ ಇನ್ನೊಂದು. ಇವೆಲ್ಲ ಬೇರೆ ಬೇರೆ ಶಕ್ತಿಯ ನ್ಯೂಟ್ರಾನ್‌ಗಳಾ? ನ್ಯೂಟ್ರಾನ್‌ಗೆ ಚಾರ್ಜೇ ಇಲ್ಲ ಅಂದ ಮೇಲೆ ಪಲ್ಸ್ ಬರುವುದಾದರೂ ಹೇಗೆ? ಬಿಎಫ್3 ಟ್ಯೂಬ್ ಹಾಕಿದರೂ ಇದೇ ಚಿತ್ರ ಬರುತ್ತಾ?

ಉತ್ತರ: ಅಲ್ಲ, ಅವು ಬೇರೆ ಬೇರೆ ಶಕ್ತಿಯ ನ್ಯೂಟ್ರಾನ್‌ಗಳಲ್ಲ. ನಿಮ್ಮ ಟ್ಯೂಬ್ ನ್ಯೂಟ್ರಾನ್‌ನ ಶಕ್ತಿಯನ್ನು ಅಳೆಯುತ್ತಲೇ ಇಲ್ಲ. ಆ ಮೂರೂ ಗುರುತುಗಳು ಒಂದೇ ಬಗೆಯ ನ್ಯೂಟ್ರಾನ್‌ನಿಂದ ಬಂದವು. ಪೀಕ್ ಹುಟ್ಟುವುದು ಪರಮಾಣು ಕ್ರಿಯೆಯಿಂದ, ಮೆಟ್ಟಿಲು ಹುಟ್ಟುವುದು ಟ್ಯೂಬ್‌ನ ಗೋಡೆಯಿಂದ. ಚಾನೆಲ್ ಸಂಖ್ಯೆ ಹೇಳುವುದು ಪಲ್ಸ್‌ನ ಎತ್ತರವನ್ನು. ನೀವು ಕೊಟ್ಟ ಆ ಸಂಖ್ಯೆಗಳಲ್ಲೇ ಇದಕ್ಕೆ ಸಾಕ್ಷಿ ಇದೆ. ಒಂದು ನ್ಯೂಟ್ರಾನ್‌ನ ಬೆನ್ನು ಹತ್ತಿಕೊಂಡು ಹೋದರೆ ಅದು ಗೊತ್ತಾಗುತ್ತದೆ.

ಗ್ಯಾಸ್ ಡಿಟೆಕ್ಟರ್ ಕೆಲಸ ಮಾಡಬೇಕಾದರೆ ಒಳಗಿನ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಬರಬೇಕು. ಆಲ್ಫಾ ಕಣವಾಗಲಿ ಪ್ರೋಟಾನ್ ಆಗಲಿ, ಚಾರ್ಜ್ ಇರುವುದರಿಂದ ದಾರಿಯುದ್ದಕ್ಕೂ ಎಲೆಕ್ಟ್ರಾನ್‌ಗಳನ್ನು ಎಳೆದು ಹಾಕುತ್ತಾ ಹೋಗುತ್ತದೆ. ನ್ಯೂಟ್ರಾನ್‌ಗೆ ಆ ಹಿಡಿತ ಇಲ್ಲ. ಎಲೆಕ್ಟ್ರಾನ್‌ಗಳ ನಡುವೆ ಸುಮ್ನೆ ಹಾದು ಹೋಗುತ್ತದೆ. ಅದನ್ನು ಹಿಡಿಯಲು ಇರುವುದು ನ್ಯೂಕ್ಲಿಯಸ್ ಮಾತ್ರ. ಹಾಗಾಗಿ ನ್ಯೂಟ್ರಾನನ್ನು ಗಬಕ್ಕನೆ ನುಂಗುವ, ನುಂಗಿದ ಕೂಡಲೇ ಒಡೆದು ಚಾರ್ಜ್ ಇರುವ ತುಂಡುಗಳನ್ನು ಉಗುಳುವ ನ್ಯೂಕ್ಲಿಯಸ್ ಬೇಕು. ಅದು ಅನಿಲದ ರೂಪದಲ್ಲೂ ಸಿಗಬೇಕು. ಹೀಲಿಯಂ-3 ಅಂಥದ್ದು. ಬೋರಾನ್-10 ಕೂಡ ಅಂಥದ್ದೇ. ಆದರೆ ಬೋರಾನ್ ಅನಿಲವಲ್ಲ, ಅದಕ್ಕೇ ಅದನ್ನು ಬೋರಾನ್ ಟ್ರೈಫ್ಲೋರೈಡ್, ಅಂದರೆ ಬಿಎಫ್3 ಅನಿಲದ ರೂಪದಲ್ಲಿ ತುಂಬುತ್ತಾರೆ.

ನಿಮ್ಮ ಟ್ಯೂಬ್ ಒಳಗೆ ನಡೆಯುವ ಕ್ರಿಯೆ ಇದು:

```
n + ³He → p + ³H + 764 keV
```

ಹೀಲಿಯಂ-3 ನ್ಯೂಕ್ಲಿಯಸ್ ನ್ಯೂಟ್ರಾನ್ ನುಂಗಿ, ಒಂದು ಪ್ರೋಟಾನ್ ಮತ್ತು ಒಂದು ಟ್ರೈಟಾನ್ ಆಗಿ ಒಡೆಯುತ್ತದೆ. ಟ್ರೈಟಾನ್ ಅಂದರೆ ಟ್ರಿಷಿಯಂನ ನ್ಯೂಕ್ಲಿಯಸ್. ಆಗ ಬಿಡುಗಡೆಯಾಗುವ 764 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಎರಡೂ ತುಂಡುಗಳ ಓಟಕ್ಕೆ ಹಂಚಿಹೋಗುತ್ತದೆ. ನಿಧಾನದ ನ್ಯೂಟ್ರಾನ್, ಅಂದರೆ ಕೋಣೆಯ ಬಿಸಿಗೆ ಹೊಂದಿಕೊಂಡ ಥರ್ಮಲ್ ನ್ಯೂಟ್ರಾನ್, ತನ್ನ ಜತೆ ತರುವುದು ಬರೀ 0.025 ಎಲೆಕ್ಟ್ರಾನ್ ವೋಲ್ಟ್. ಕ್ರಿಯೆ ಕೊಡುವ ಶಕ್ತಿ ಅದಕ್ಕಿಂತ ಸುಮಾರು ಮೂರು ಕೋಟಿ ಪಟ್ಟು ಜಾಸ್ತಿ. ಬರುವಾಗ ನ್ಯೂಟ್ರಾನ್ 0.025 ತಂದಿತ್ತೋ 1 ತಂದಿತ್ತೋ ಎನ್ನುವುದು ಆ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ನ್ಯೂಟ್ರಾನ್ ಇಲ್ಲಿ ಟ್ರಿಗರ್ ಒತ್ತುತ್ತದೆ, ಅಷ್ಟೇ. ಪಲ್ಸ್‌ಗೆ ಬೇಕಾದ ಶಕ್ತಿ ನ್ಯೂಕ್ಲಿಯಸ್‌ನದ್ದು.

ಈ ಶಕ್ತಿ ಎರಡು ತುಂಡುಗಳಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ನಿಧಾನದ ನ್ಯೂಟ್ರಾನ್‌ನ ಮೊಮೆಂಟಮ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪ್ರೋಟಾನ್ ಒಂದು ಕಡೆ ಹಾರಿದರೆ ಟ್ರೈಟಾನ್ ನೇರ ಎದುರು ದಿಕ್ಕಿಗೆ, ಅಷ್ಟೇ ಮೊಮೆಂಟಮ್ ಹೊತ್ತು ಹಾರಬೇಕು. ಮೊಮೆಂಟಮ್ ಸಮನಾದರೆ ಹಗುರವಾದ ತುಂಡಿಗೆ ಶಕ್ತಿಯ ದೊಡ್ಡ ಪಾಲು ಸಿಗುತ್ತದೆ. ಟ್ರೈಟಾನ್ ಪ್ರೋಟಾನ್‌ಗಿಂತ ಮೂರು ಪಟ್ಟು ಭಾರ. ಹಾಗಾಗಿ ಪ್ರೋಟಾನ್‌ಗೆ ನಾಲ್ಕರಲ್ಲಿ ಮೂರು ಪಾಲು, 573 ಕಿಲೋ ಎಲೆಕ್ಟ್ರಾನ್ ವೋಲ್ಟ್. ಟ್ರೈಟಾನ್‌ಗೆ ಉಳಿದ ಕಾಲು ಪಾಲು, 191. ಈ ಮುಕ್ಕಾಲು ಮತ್ತು ಕಾಲು ನೆನಪಿರಲಿ. ಇನ್ನು ಮುಂದೆ ಈ ಸಂಖ್ಯೆಗಳಿಗೆ ಬರೀ ಕೆಇವಿ ಅಂತ ಬರೆಯುತ್ತೇನೆ.

ಈಗ ಅನಿಲದ ಒಳಗೆ ಏನಾಗುತ್ತದೆ ನೋಡೋಣ. ಎರಡೂ ತುಂಡುಗಳು ಎದುರು ಬದುರು ದಿಕ್ಕಿಗೆ ಓಡುತ್ತಾ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳುತ್ತವೆ. ಹೀಲಿಯಂನಲ್ಲಿ ಒಂದು ಜೋಡಿ, ಅಂದರೆ ಒಂದು ಎಲೆಕ್ಟ್ರಾನ್ ಮತ್ತು ಒಂದು ಧನ ಅಯಾನು ಹುಟ್ಟಲು ಸರಾಸರಿ 42 ಎಲೆಕ್ಟ್ರಾನ್ ವೋಲ್ಟ್ ಬೇಕು. ಹಾಗಾದರೆ 764 ಕೆಇವಿಯಿಂದ ಸುಮಾರು 18,000 ಜೋಡಿ. ಕೇಳಲು ದೊಡ್ಡ ಸಂಖ್ಯೆ. ಚಾರ್ಜ್ ಲೆಕ್ಕದಲ್ಲಿ ನೋಡಿದರೆ 18,000 ಎಲೆಕ್ಟ್ರಾನ್ ಅಂದರೆ ಸುಮಾರು 2.9 ಫೆಮ್ಟೊ ಕೂಲಂಬ್. ಒಂದು ಪಿಕೊ ಫ್ಯಾರಡ್ ಕೆಪಾಸಿಟರ್ ಮೇಲೆ ಅದನ್ನು ಹಾಕಿದರೆ ಬರುವುದು 3 ಮಿಲಿವೋಲ್ಟ್. ಅಳೆಯಲು ಆಗದ್ದೇನಲ್ಲ, ಆದರೆ ಉದ್ದನೆಯ ಕೇಬಲ್, ಸುತ್ತಲಿನ ಮೋಟಾರು, ಪಂಪು ಇವುಗಳ ಗದ್ದಲದ ನಡುವೆ ಅದನ್ನು ನಂಬಿಕೊಂಡು ಎಣಿಸುವುದು ಕಷ್ಟ.

ಅದಕ್ಕೇ ಟ್ಯೂಬ್ ನಡುವೆ ಆ ಸಣ್ಣ ತಂತಿ. ನಿಮ್ಮ ಟ್ಯೂಬ್ 2.5 ಸೆಂಟಿಮೀಟರ್ ಅಗಲದ್ದು, ತಂತಿ 50 ಮೈಕ್ರಾನ್ ದಪ್ಪದ್ದು, ತಂತಿಗೆ 1,200 ವೋಲ್ಟ್ ಕೊಟ್ಟಿದ್ದೀರಿ ಎಂದು ಇಟ್ಟುಕೊಳ್ಳಿ. ಗೋಡೆಯ ಹತ್ತಿರ ವಿದ್ಯುತ್ ಕ್ಷೇತ್ರ ಸೆಂಟಿಮೀಟರ್‌ಗೆ ಬರೀ 155 ವೋಲ್ಟ್. ಅಲ್ಲಿ ಎಲೆಕ್ಟ್ರಾನ್‌ಗಳು ಅನಿಲಕ್ಕೆ ಡಿಕ್ಕಿ ಹೊಡೆಯುತ್ತಾ ಮೆಲ್ಲಗೆ ತಂತಿಯ ಕಡೆ ಸಾಗುತ್ತವೆ. ಹೊಸದಾಗಿ ಏನೂ ಹುಟ್ಟುವುದಿಲ್ಲ. ತಂತಿಯ ಮೈ ಹತ್ತಿರ ಅದೇ ಕ್ಷೇತ್ರ ಸೆಂಟಿಮೀಟರ್‌ಗೆ ಸುಮಾರು 77,000 ವೋಲ್ಟ್‌ಗೆ ಏರುತ್ತದೆ. ತಂತಿಯ ದಪ್ಪದ ಕೆಲವು ಪಟ್ಟು ದೂರದೊಳಗೆ ಬಂದ ಎಲೆಕ್ಟ್ರಾನ್ ಎರಡು ಡಿಕ್ಕಿಗಳ ನಡುವೆಯೇ ಎಷ್ಟು ವೇಗ ಪಡೆಯುತ್ತದೆ ಎಂದರೆ, ಮುಂದಿನ ಪರಮಾಣುವಿನಿಂದ ಮತ್ತೊಂದು ಎಲೆಕ್ಟ್ರಾನ್ ಕೀಳುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಇದಕ್ಕೆ ಅವಲಾಂಚ್ ಎನ್ನುತ್ತಾರೆ. ಹೀಗೆ ಏಳು ಸಲ ದುಪ್ಪಟ್ಟಾದರೆ 128 ಪಟ್ಟು. ಈಗ ಚಾರ್ಜ್ 0.37 ಪಿಕೊ ಕೂಲಂಬ್, ಅದೇ ಕೆಪಾಸಿಟರ್ ಮೇಲೆ ಸುಮಾರು 0.37 ವೋಲ್ಟ್. ಇದನ್ನು ಎಣಿಸಲು ಯಾವ ತಕರಾರೂ ಇಲ್ಲ.

ಇಲ್ಲಿ ತುಂಬ ಜನ ತಪ್ಪು ತಿಳಿಯುವ ಒಂದು ಮಾತಿದೆ. ಎಲೆಕ್ಟ್ರಾನ್‌ಗಳು ತಂತಿಗೆ ಬಂದು ಸೇರಿದ್ದರಿಂದಲೇ ಪಲ್ಸ್ ಬರುತ್ತದೆ ಅಂತ ಅಂದುಕೊಳ್ಳುತ್ತಾರೆ. ನಿಜಕ್ಕೂ ಪಲ್ಸ್‌ನ ಬಹುಪಾಲು ಬರುವುದು ಧನ ಅಯಾನುಗಳಿಂದ. ಎಲೆಕ್ಟ್ರಾನ್‌ಗಳು ಹೆಚ್ಚಾಗಿ ಹುಟ್ಟಿದ್ದೇ ತಂತಿಯ ಮಗ್ಗುಲಲ್ಲಿ, ಅವು ಸಾಗುವ ದೂರ ಏನೇನೂ ಅಲ್ಲ. ಅಯಾನುಗಳು ಮಾತ್ರ ಅಲ್ಲಿಂದ ಗೋಡೆಯವರೆಗೆ ಹೋಗಬೇಕು. ಅವು ತಂತಿಯಿಂದ ದೂರ ಸರಿಯುತ್ತಾ ಹೋದಂತೆ ತಂತಿಯಲ್ಲಿ ಚಾರ್ಜ್ ಪ್ರೇರಿತವಾಗುತ್ತದೆ. ಮೊದಲ ಕ್ಷಣಗಳಲ್ಲಿ ಕ್ಷೇತ್ರ ಬಲವಾಗಿರುವುದರಿಂದ ಬೇಗ ಸರಿಯುತ್ತವೆ, ಆಮೇಲೆ ನಿಧಾನ. ಅದಕ್ಕೇ ಆಸಿಲೋಸ್ಕೋಪ್‌ನಲ್ಲಿ ಪ್ರಿಆಂಪ್ ಪಲ್ಸ್ ಮೊದಲು ಜೋರಾಗಿ ಏರಿ, ನಂತರ ಉದ್ದಕ್ಕೆ ಬಾಗುತ್ತಾ ಹೋಗುತ್ತದೆ. ಪೂರ್ತಿ ಏರುವ ತನಕ ಕಾಯಬೇಕಿಲ್ಲ. ಕೆಲವು ಮೈಕ್ರೊ ಸೆಕೆಂಡಿನ ಶೇಪಿಂಗ್, ಅಂದರೆ ಆಂಪ್ಲಿಫೈಯರ್ ಪಲ್ಸನ್ನು ಕೂಡಿಸಿಕೊಳ್ಳುವ ಸಮಯ, ಸಾಕು.

ಇನ್ನೊಂದು ಮುಖ್ಯ ವಿಷಯ: ಪ್ರತಿ ಎಲೆಕ್ಟ್ರಾನ್ ಕೂಡ ಸರಾಸರಿ ಅದೇ 128 ಪಟ್ಟು ಹೆಚ್ಚುತ್ತದೆ. ಹಾಗಾಗಿ ಮೊದಲು ಹುಟ್ಟಿದ ಜೋಡಿ ಅರ್ಧವಿದ್ದರೆ ಪಲ್ಸ್ ಕೂಡ ಅರ್ಧ. ಇದಕ್ಕೇ ಈ ಟ್ಯೂಬ್‌ಗೆ ಪ್ರಪೋರ್ಷನಲ್ ಕೌಂಟರ್ ಎನ್ನುವುದು. ವೋಲ್ಟೇಜ್ ಇನ್ನೂ ಏರಿಸಿ ಗೈಗರ್ ಟ್ಯೂಬ್ ಥರ ಓಡಿಸಿದರೆ ಪಲ್ಸ್ ದೊಡ್ಡದಾಗುತ್ತದೆ, ನಿಜ. ಆದರೆ ಎಲ್ಲ ಪಲ್ಸೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ನ್ಯೂಟ್ರಾನ್ ಯಾವುದು, ಗಾಮಾ ಯಾವುದು ಎಂದು ಬೇರೆ ಮಾಡುವ ದಾರಿಯೇ ಮುಚ್ಚಿಹೋಗುತ್ತದೆ. ಎತ್ತರದ ವ್ಯತ್ಯಾಸ ಉಳಿಸಿಕೊಳ್ಳಬೇಕೆಂದೇ ಈ ಮಟ್ಟಕ್ಕೆ ನಿಲ್ಲಿಸುವುದು.

ಈಗ ನಿಮ್ಮ ಮೆಟ್ಟಿಲುಗಳಿಗೆ ಬರೋಣ. ನಾಲ್ಕು ವಾತಾವರಣದ ಒತ್ತಡದ ಹೀಲಿಯಂನಲ್ಲಿ 573 ಕೆಇವಿ ಪ್ರೋಟಾನ್ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿಯೇ ಓಡುತ್ತದೆ. ಟ್ಯೂಬ್‌ನ ಅಗಲವೇ 2.5 ಸೆಂಟಿಮೀಟರ್! ಕ್ರಿಯೆ ಗೋಡೆಯ ಹತ್ತಿರ ನಡೆದರೆ ಒಂದು ತುಂಡು ಪೂರ್ತಿ ಶಕ್ತಿ ಅನಿಲಕ್ಕೆ ಕೊಡುವ ಮೊದಲೇ ಗೋಡೆಗೆ ಹೊಡೆದು ಮುಗಿಯುತ್ತದೆ. ಗೋಡೆಯೊಳಗೆ ಹೋದ ಶಕ್ತಿ ನಮಗೆ ಸಿಗುವುದಿಲ್ಲ. ಪಲ್ಸ್ ಸಣ್ಣದಾಗುತ್ತದೆ. ಇದಕ್ಕೆ ವಾಲ್ ಎಫೆಕ್ಟ್ ಎನ್ನುತ್ತಾರೆ.

ಎಷ್ಟು ಸಣ್ಣದಾಗಬಹುದು? ತುಂಡುಗಳು ಎದುರು ಬದುರು ಹಾರುತ್ತವೆ ಅಂದೆನಲ್ಲ. ಒಂದು ಗೋಡೆಯ ಕಡೆ ಹೊರಟರೆ ಇನ್ನೊಂದು ಗೋಡೆಯಿಂದ ದೂರ, ಅನಿಲದ ಒಳಕ್ಕೆ ಹೊರಟಿರುತ್ತದೆ. ಎರಡೂ ಒಟ್ಟಿಗೆ ಗೋಡೆ ಪಾಲಾಗುವುದು ಅಪರೂಪ. ಹಾಗಾಗಿ ಎರಡೇ ಬಗೆಯ ನಷ್ಟ. ಟ್ರೈಟಾನ್ ಗೋಡೆಗೆ ಹೋಯಿತು ಎಂದುಕೊಳ್ಳಿ. ಆಗ ಪ್ರೋಟಾನ್‌ನ 573 ಪೂರ್ತಿ ಸಿಗುತ್ತದೆ. ಟ್ರೈಟಾನ್ ಗೋಡೆ ಮುಟ್ಟುವ ಮೊದಲು ಎಷ್ಟು ಓಡಿತ್ತೋ ಅಷ್ಟು ಅದಕ್ಕೆ ಸೇರುತ್ತದೆ. ಒಟ್ಟು 573ರಿಂದ 764ರ ನಡುವೆ ಎಲ್ಲಾದರೂ ಬೀಳುತ್ತದೆ. ಅದೇ ಪ್ರೋಟಾನ್ ಗೋಡೆಗೆ ಹೋದರೆ ಟ್ರೈಟಾನ್‌ನ 191 ಖಂಡಿತ ಸಿಗುತ್ತದೆ, ಒಟ್ಟು 191ರಿಂದ 764ರ ನಡುವೆ. ಹೀಗಾಗಿ 191ರಲ್ಲಿ ಒಂದು ಹಲಗೆ ಶುರುವಾಗುತ್ತದೆ. 573ರಲ್ಲಿ ಅದರ ಮೇಲೆ ಇನ್ನೊಂದು ಹಲಗೆ ಕೂರುತ್ತದೆ. ಎರಡೂ ತುಂಡು ಅನಿಲದಲ್ಲೇ ನಿಂತ ಘಟನೆಗಳೆಲ್ಲ 764ರ ಪೀಕ್‌ಗೆ ಹೋಗುತ್ತವೆ.

ನಿಮ್ಮ ಚಾನೆಲ್‌ಗಳನ್ನು ಇದಕ್ಕೆ ಹೊಂದಿಸಿ ನೋಡಿ. ಪೀಕ್ 640ರಲ್ಲಿ. ಅದರ ಮುಕ್ಕಾಲು 480, ಕಾಲು 160. ನೀವು ಕಂಡ ಮೆಟ್ಟಿಲುಗಳು ಸರಿಯಾಗಿ ಅಲ್ಲೇ ಇವೆ. ಬೇರೆ ಶಕ್ತಿಯ ನ್ಯೂಟ್ರಾನ್‌ಗಳಾಗಿದ್ದರೆ ಈ ಅನುಪಾತ ಇಷ್ಟು ನಿಖರವಾಗಿ ಬೀಳಲು ಕಾರಣವೇ ಇರಲಿಲ್ಲ. ಇದನ್ನು ಉಪಕರಣದ ಪರೀಕ್ಷೆಗೂ ಬಳಸಬಹುದು. ಮುಂದೊಂದು ದಿನ ಆಂಪ್ಲಿಫೈಯರ್‌ನ ಗೇನ್ ತಿದ್ದಿ ಪೀಕನ್ನು 640ಕ್ಕೇ ತಂದ ಮೇಲೂ ಕೆಳ ಮೆಟ್ಟಿಲು 190ಕ್ಕೋ 200ಕ್ಕೋ ಸರಿದಿದ್ದರೆ ಟ್ಯೂಬನ್ನು ಬೈಯಬೇಡಿ. ಆಂಪ್ಲಿಫೈಯರ್‌ನ ಬೇಸ್‌ಲೈನ್ ಅಥವಾ ಅನಲೈಸರ್‌ನ ಸೊನ್ನೆ ಸರಿದಿದೆಯಾ ನೋಡಿ. ಸೊನ್ನೆ ಸರಿದರೆ ಎಲ್ಲ ಚಾನೆಲ್‌ಗೂ ಒಂದೇ ಸಂಖ್ಯೆ ಸೇರುತ್ತದೆ, ಆಗ ಅನುಪಾತ ಕೆಡುತ್ತದೆ. ಗೇನ್ ಬದಲಾದರೆ ಅನುಪಾತ ಕೆಡುವುದಿಲ್ಲ, ಇಡೀ ಚಿತ್ರ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ.

ವಾಲ್ ಎಫೆಕ್ಟ್ ತಗ್ಗಿಸಬೇಕಾದರೆ ತುಂಡುಗಳ ಓಟ ಚಿಕ್ಕದಾಗಬೇಕು. ಅದಕ್ಕಾಗಿ ಹೀಲಿಯಂ-3 ಜತೆ ಆರ್ಗಾನ್ ಅಥವಾ ಕ್ರಿಪ್ಟಾನ್‌ನಂಥ ಭಾರದ ಅನಿಲ ಬೆರೆಸುವುದುಂಟು. ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಸೇರಿಸಿದರೆ ಅದು ಅವಲಾಂಚ್‌ನಲ್ಲಿ ಹುಟ್ಟುವ ನೇರಳಾತೀತ ಬೆಳಕನ್ನೂ ನುಂಗಿ, ಒಂದು ಪಲ್ಸ್ ಬೆನ್ನಿಗೆ ಸುಳ್ಳು ಪಲ್ಸ್ ಬಾರದಂತೆ ನೋಡಿಕೊಳ್ಳುತ್ತದೆ. ದಪ್ಪ ಟ್ಯೂಬ್‌ನಲ್ಲಿ ಗೋಡೆಗೆ ಹತ್ತಿರದ ಪಾಲು ಕಡಿಮೆ, ಹಾಗಾಗಿ ಪೀಕ್ ಇನ್ನೂ ಚೆನ್ನಾಗಿ ನಿಲ್ಲುತ್ತದೆ. ಆದರೆ ಬರೀ ಎಣಿಕೆ ಬೇಕಿದ್ದರೆ ವಾಲ್ ಎಫೆಕ್ಟ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಗೋಡೆಗೆ ತುಂಡು ಹೋದರೂ ನ್ಯೂಟ್ರಾನ್ ಎಣಿಕೆಗೆ ಸಿಕ್ಕೇ ಸಿಗುತ್ತದೆ. 191ಕ್ಕಿಂತ ಕೆಳಗೆ ಅದು ಇಳಿಯುವುದು ತೀರಾ ಅಪರೂಪ.

ಈ ಮಾತೇ ಇಡೀ ಟ್ಯೂಬ್‌ನ ಜೀವಾಳ. ನ್ಯೂಟ್ರಾನ್ ಪಲ್ಸ್‌ಗೆ ಕೆಳಗೆ ಒಂದು ತಳ ಇದೆ. ನಿಮ್ಮ ಸ್ಪೆಕ್ಟ್ರಮ್‌ನಲ್ಲಿ 160ನೇ ಚಾನೆಲ್ ಆ ತಳ. ಅದಕ್ಕಿಂತ ಎಡಕ್ಕೆ ಒಂದು ತಗ್ಗು ಇರಬೇಕು, ಇನ್ನೂ ಎಡಕ್ಕೆ ಹೋದರೆ ಮತ್ತೆ ಜೋರಾಗಿ ಏರುವ ಒಂದು ಗುಡ್ಡ. ಆ ಗುಡ್ಡ ಗಾಮಾ ಮತ್ತು ಎಲೆಕ್ಟ್ರಾನಿಕ್ಸ್ ಗದ್ದಲದ್ದು. ಗಾಮಾ ಕಿರಣ ಟ್ಯೂಬ್‌ನ ಲೋಹದ ಗೋಡೆಗೆ ಬಡಿದಾಗ ಒಂದು ವೇಗದ ಎಲೆಕ್ಟ್ರಾನ್ ಅನಿಲಕ್ಕೆ ನುಗ್ಗುತ್ತದೆ. ಆ ಎಲೆಕ್ಟ್ರಾನ್ ಬಳಿ ಶಕ್ತಿ ಬೇಕಾದಷ್ಟಿರಬಹುದು. ಆದರೆ ಪ್ರೋಟಾನ್ ಥರ ಚಿಕ್ಕ ದಾರಿಯಲ್ಲಿ ಎಲ್ಲ ಸುರಿದು ಬಿಡುವುದಿಲ್ಲ, ಅಲ್ಲಲ್ಲಿ ಒಂದಿಷ್ಟು ಬಿಟ್ಟು ಎದುರು ಗೋಡೆ ಸೇರುತ್ತದೆ. ಹೀಗಾಗಿ ಗಾಮಾ ಪಲ್ಸ್ ಸಣ್ಣದು. ಡಿಸ್ಕ್ರಿಮಿನೇಟರ್ ಮಟ್ಟವನ್ನು, ಅಂದರೆ ಯಾವ ಎತ್ತರದಿಂದ ಮೇಲಿನ ಪಲ್ಸ್ ಎಣಿಸಬೇಕು ಎನ್ನುವ ಗೆರೆಯನ್ನು, ಆ ತಗ್ಗಿನಲ್ಲಿ, ನಿಮ್ಮ ಲೆಕ್ಕಕ್ಕೆ 110 ಅಥವಾ 120ನೇ ಚಾನೆಲ್ ಸುತ್ತ ಇಡಿ. ಅದರ ಮೇಲಿನದೆಲ್ಲ ನ್ಯೂಟ್ರಾನ್, ಕೆಳಗಿನದನ್ನು ಎಣಿಸಬೇಡಿ. ತಗ್ಗಿನಲ್ಲಿ ಘಟನೆಗಳೇ ಕಡಿಮೆ ಇರುವುದರಿಂದ ಗೇನ್ ಚೂರು ಆಚೀಚೆ ಆದರೂ ಎಣಿಕೆ ಅಲುಗುವುದಿಲ್ಲ. ಹೈ ವೋಲ್ಟೇಜ್ ಏರಿಸುತ್ತಾ ಎಣಿಕೆ ಬರೆದುಕೊಂಡರೆ ನಡುವೆ ಸಮತಟ್ಟಾದ ಪ್ಲಾಟೋ ಬರುತ್ತದಲ್ಲ, ಅದು ಬರುವುದೂ ಈ ತಗ್ಗಿನಿಂದಲೇ.

ಗಾಮಾ ತೀರಾ ಜಾಸ್ತಿ ಇರುವ ಕಡೆ ಮಾತ್ರ ಎಚ್ಚರ ಬೇಕು. ಒಂದೊಂದು ಗಾಮಾ ಪಲ್ಸ್ ಸಣ್ಣದೇ. ಆದರೆ ಶೇಪಿಂಗ್ ಸಮಯದೊಳಗೆ ನಾಲ್ಕೈದು ಒಟ್ಟಿಗೆ ಬಿದ್ದರೆ ಒಂದರ ಮೇಲೊಂದು ಕೂತು ನ್ಯೂಟ್ರಾನ್‌ನಷ್ಟೇ ಎತ್ತರ ಆಗಬಹುದು. ಆಗ ಮೊದಲು ಕಾಣುವ ಲಕ್ಷಣ ಎಂದರೆ ತಗ್ಗು ತುಂಬಿಕೊಳ್ಳುವುದು. ನ್ಯೂಟ್ರಾನ್ ಮೂಲ ದೂರ ತೆಗೆದು, ಗಾಮಾ ಮೂಲ ಒಂದನ್ನೇ ಹತ್ತಿರ ತಂದು ನೋಡಿ. ಎಡಗಡೆಯ ಗುಡ್ಡ ಮಾತ್ರ ಬೆಳೆದರೆ ಸರಿ. ಡಿಸ್ಕ್ರಿಮಿನೇಟರ್ ಮೇಲಿನ ಎಣಿಕೆಯೂ ಏರಿದರೆ ಮಟ್ಟ ಏರಿಸಬೇಕು, ಇಲ್ಲವೇ ಶೇಪಿಂಗ್ ಸಮಯ ಕಡಿಮೆ ಮಾಡಬೇಕು.

ಶೇಪಿಂಗ್ ಕಡಿಮೆ ಮಾಡಿದರೆ ಅದಕ್ಕೂ ಬೆಲೆ ತೆರಬೇಕು. ತುಂಡುಗಳ ಜಾಡು ತಂತಿಗೆ ಸಮಾಂತರವಾಗಿದ್ದರೆ ಎಲೆಕ್ಟ್ರಾನ್‌ಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ತಂತಿ ತಲುಪುತ್ತವೆ. ಜಾಡು ತಂತಿಯಿಂದ ಗೋಡೆಯ ಕಡೆಗೆ ಚಾಚಿದ್ದರೆ ಹತ್ತಿರದವು ಬೇಗ, ದೂರದವು ತಡವಾಗಿ ಬರುತ್ತವೆ. ಆಂಪ್ಲಿಫೈಯರ್ ಅವಸರ ಮಾಡಿದರೆ ತಡವಾಗಿ ಬಂದವು ಲೆಕ್ಕಕ್ಕೆ ಸಿಗುವುದಿಲ್ಲ. ಒಂದೇ 764 ಕೆಇವಿ ಘಟನೆಗೆ ಬೇರೆ ಬೇರೆ ಎತ್ತರ ಬಂದು ಪೀಕ್ ಅಗಲವಾಗುತ್ತದೆ, ಮೆಟ್ಟಿಲುಗಳು ಕರಗಿಹೋಗುತ್ತವೆ. ನಿಮ್ಮಲ್ಲಿ ಎರಡು ಮೆಟ್ಟಿಲೂ ಸ್ಪಷ್ಟವಾಗಿ ಕಂಡಿವೆ ಎಂದರೆ ಶೇಪಿಂಗ್ ಸಾಕಷ್ಟು ಉದ್ದವೇ ಇದೆ ಎಂದು ಅರ್ಥ.

ಎಣಿಕೆ ಬರುತ್ತಿದೆ, ಅದು ನಿಜಕ್ಕೂ ನ್ಯೂಟ್ರಾನೇನಾ ಎಂದು ಅನುಮಾನ ಬಂದರೆ ಸುಲಭದ ಪರೀಕ್ಷೆಗಳಿವೆ. ಬರಿ ಟ್ಯೂಬ್‌ಗೆ ಒಂದು ಮಿಲಿಮೀಟರ್ ದಪ್ಪದ ಕ್ಯಾಡ್ಮಿಯಂ ತಗಡು ಸುತ್ತಿ. ಅದು ಸುಮಾರು ಅರ್ಧ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿನ ನ್ಯೂಟ್ರಾನ್‌ಗಳನ್ನು ಹೊರಗೇ ನುಂಗಿಬಿಡುತ್ತದೆ. ಥರ್ಮಲ್ ನ್ಯೂಟ್ರಾನ್‌ಗಳಿರುವ ಜಾಗದಲ್ಲಿ ಎಣಿಕೆ ದಬಕ್ಕನೆ ಬೀಳಬೇಕು. ಬೀಳದಿದ್ದರೆ ನೀವು ಎಣಿಸುತ್ತಿರುವುದು ಬೇರೇನೋ. ಇನ್ನೂ ಮೊದಲು ಮಾಡಬೇಕಾದ್ದು ಹೈ ವೋಲ್ಟೇಜ್ ಆಫ್ ಮಾಡಿ ನೋಡುವುದು. ಆಫ್ ಆದ ಮೇಲೂ ಎಣಿಕೆ ಬಂದರೆ ಅದು ಎಲೆಕ್ಟ್ರಾನಿಕ್ಸ್ ಗದ್ದಲ. ವೋಲ್ಟೇಜ್ ಇದ್ದಾಗ ಮಾತ್ರ, ಅದೂ ತೇವದ ದಿನಗಳಲ್ಲಿ ಗೊಂಚಲು ಗೊಂಚಲಾಗಿ ಪಲ್ಸ್ ಬಂದರೆ ಕನೆಕ್ಟರ್ ಮೇಲೆ ಹೈ ವೋಲ್ಟೇಜ್ ಸೋರುತ್ತಿರುತ್ತದೆ. ಒರೆಸಿ ಒಣಗಿಸಿದರೆ ಹೋಗುತ್ತದೆ. ಟ್ಯೂಬ್ ತಟ್ಟಿದಾಗ ಎಣಿಕೆ ಚಿಮ್ಮಿದರೆ ಒಳಗಿನ ತಂತಿ ಅದುರಿ ಸುಳ್ಳು ಪಲ್ಸ್ ಕೊಡುತ್ತಿದೆ. ಇವೆಲ್ಲದರಲ್ಲೂ ಒಂದು ಸಾಮಾನ್ಯ ಗುರುತಿದೆ: ಸ್ಪೆಕ್ಟ್ರಮ್‌ಗೆ ಆ ಪೀಕ್ ಮತ್ತು ಎರಡು ಮೆಟ್ಟಿಲಿನ ಆಕಾರ ಇರುವುದಿಲ್ಲ. ಎಣಿಕೆಯ ಸಂಖ್ಯೆಯನ್ನಷ್ಟೇ ನೋಡಿದರೆ ಇದು ಗೊತ್ತಾಗುವುದಿಲ್ಲ, ಅದಕ್ಕೇ ಆಗಾಗ ಸ್ಪೆಕ್ಟ್ರಮ್ ತೆಗೆದು ನೋಡುವುದು ಒಳ್ಳೆಯದು.

ಟ್ಯೂಬ್‌ಗೆ ಬಿದ್ದ ನ್ಯೂಟ್ರಾನ್‌ಗಳಲ್ಲಿ ಎಷ್ಟು ಸಿಕ್ಕಿಬೀಳುತ್ತವೆ ಎನ್ನುವುದು ಬೇರೆ ಲೆಕ್ಕ. ಇಲ್ಲಿ ಮಾತ್ರ ನ್ಯೂಟ್ರಾನ್‌ನ ವೇಗ ಮುಖ್ಯವಾಗುತ್ತದೆ. ಥರ್ಮಲ್ ನ್ಯೂಟ್ರಾನ್‌ಗೆ ಹೀಲಿಯಂ-3ರ ಕ್ರಾಸ್ ಸೆಕ್ಷನ್, ಅಂದರೆ ನ್ಯೂಕ್ಲಿಯಸ್ ನ್ಯೂಟ್ರಾನನ್ನು ಹಿಡಿಯುವ ಸಾಧ್ಯತೆಯ ಅಳತೆ, 5,330 ಬಾರ್ನ್. ನಾಲ್ಕು ವಾತಾವರಣದ ಒತ್ತಡದಲ್ಲಿ 2.5 ಸೆಂಟಿಮೀಟರ್ ಅನಿಲವನ್ನು ಅಡ್ಡಕ್ಕೆ ದಾಟುವ ಥರ್ಮಲ್ ನ್ಯೂಟ್ರಾನ್ ಸಿಕ್ಕಿಬೀಳುವ ಸಾಧ್ಯತೆ ಸುಮಾರು 74%. ಆದರೆ ನ್ಯೂಟ್ರಾನ್‌ನ ವೇಗ ಎಷ್ಟು ಪಟ್ಟು ಏರುತ್ತದೋ ಕ್ರಾಸ್ ಸೆಕ್ಷನ್ ಅಷ್ಟು ಪಟ್ಟು ಇಳಿಯುತ್ತದೆ. 100 ಎಲೆಕ್ಟ್ರಾನ್ ವೋಲ್ಟ್‌ನ ನ್ಯೂಟ್ರಾನ್‌ಗೆ ಅದೇ ದಾರಿಯಲ್ಲಿ ಸಿಗುವ ಸಾಧ್ಯತೆ ಬರೀ 2% ಆಸುಪಾಸು. ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಮಟ್ಟಕ್ಕೆ ಹೋದರೆ ಟ್ಯೂಬ್ ಹೆಚ್ಚುಕಡಿಮೆ ಕುರುಡು.

ನ್ಯೂಟ್ರಾನ್ ಮೂಲದಿಂದ ಹೊರಡುವ ನ್ಯೂಟ್ರಾನ್‌ಗಳು ಸಾಮಾನ್ಯವಾಗಿ ಆ ವೇಗದ ಬಗೆಯವೇ. ಅದಕ್ಕೇ ಟ್ಯೂಬ್ ಸುತ್ತ ಕೆಲವು ಸೆಂಟಿಮೀಟರ್ ಪಾಲಿಥಿಲೀನ್ ಇಡುವುದು. ಅದರಲ್ಲಿರುವ ಹೈಡ್ರೋಜನ್‌ಗೆ ಒಂದೊಂದು ಸಲ ಬಡಿದಾಗಲೂ ನ್ಯೂಟ್ರಾನ್ ಸರಾಸರಿ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. 2 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನಿಂದ ಥರ್ಮಲ್ ಮಟ್ಟಕ್ಕೆ ಇಳಿಯಲು ಸುಮಾರು 18 ಡಿಕ್ಕಿ ಸಾಕು. ಆದರೆ ಅಷ್ಟು ಡಿಕ್ಕಿ ತಿಂದು ಬಂದ ನ್ಯೂಟ್ರಾನ್‌ಗೆ ತನ್ನ ಮೊದಲಿನ ಶಕ್ತಿಯ ಗುರುತೇ ಇರುವುದಿಲ್ಲ. ಶಕ್ತಿ ಬೇಕೇ ಬೇಕು ಎನ್ನುವವರು ಬೇರೆ ಬೇರೆ ದಪ್ಪದ ಪಾಲಿಥಿಲೀನ್ ಗೋಳಗಳ ನಡುವೆ ಡಿಟೆಕ್ಟರ್ ಇಟ್ಟು, ಯಾವ ಗೋಳದಲ್ಲಿ ಎಷ್ಟು ಎಣಿಕೆ ಬಂತು ಎಂದು ನೋಡಿ ಅಂದಾಜು ಮಾಡುತ್ತಾರೆ. ಬಾನರ್ ಗೋಳ ಎನ್ನುವುದು ಅದನ್ನೇ. ಅಲ್ಲೂ ಪಲ್ಸ್‌ನ ಎತ್ತರ ಶಕ್ತಿಯನ್ನು ಹೇಳುವುದಿಲ್ಲ.

ಇನ್ನು ಬಿಎಫ್3. ಚಿತ್ರದ ಬಗೆ ಅದೇ, ಸಂಖ್ಯೆಗಳು ಬೇರೆ. ಬೋರಾನ್-10 ನ್ಯೂಟ್ರಾನ್ ನುಂಗಿ ಒಂದು ಆಲ್ಫಾ ಕಣ, ಒಂದು ಲಿಥಿಯಂ-7 ಆಗಿ ಒಡೆಯುತ್ತದೆ. ನೂರಕ್ಕೆ 94 ಸಲ ಲಿಥಿಯಂ ಉದ್ರೇಕಗೊಂಡ ಸ್ಥಿತಿಯಲ್ಲಿ ಹುಟ್ಟಿ 478 ಕೆಇವಿಯ ಗಾಮಾ ಒಂದನ್ನು ಬಿಡುತ್ತದೆ. ಆ ಗಾಮಾ ಟ್ಯೂಬ್‌ನಿಂದ ತಪ್ಪಿಸಿಕೊಂಡು ಹೋಗುತ್ತದೆ. ಅನಿಲಕ್ಕೆ ಉಳಿಯುವುದು 2,310 ಕೆಇವಿ. ಉಳಿದ 6 ಸಲ ಗಾಮಾ ಇಲ್ಲ, ಪೂರ್ತಿ 2,792 ಸಿಗುತ್ತದೆ. ಹಾಗಾಗಿ ದೊಡ್ಡ ಪೀಕ್‌ನ ಬಲಕ್ಕೆ ಒಂದು ಪುಟ್ಟ ಪೀಕ್ ಕೂಡ ಕಾಣುತ್ತದೆ. ಹೀಲಿಯಂ-3ರಲ್ಲಿ ಅದು ಇಲ್ಲ. ದೊಡ್ಡ ಪೀಕ್‌ನ ಶಕ್ತಿಯಲ್ಲಿ ಆಲ್ಫಾಗೆ ಹನ್ನೊಂದರಲ್ಲಿ ಏಳು ಪಾಲು, 1,470. ಭಾರದ ಲಿಥಿಯಂಗೆ ನಾಲ್ಕು ಪಾಲು, 840. ಮೆಟ್ಟಿಲುಗಳು ಆ ಎರಡು ಜಾಗದಲ್ಲಿ ಬರುತ್ತವೆ.

ಗಮನಿಸಿ, ಇಲ್ಲಿ ನ್ಯೂಟ್ರಾನ್ ಪಲ್ಸ್‌ನ ತಳ 840 ಕೆಇವಿ. ಹೀಲಿಯಂ-3ರಲ್ಲಿ ಅದು 191 ಇತ್ತು. ಗಾಮಾದಿಂದ ಅಷ್ಟು ದೂರ ನಿಂತಿರುವುದರಿಂದ ಗಾಮಾ ಜಾಸ್ತಿ ಇರುವ ಕಡೆ ಬೇರ್ಪಡಿಸಲು ಬಿಎಫ್3 ಹೆಚ್ಚು ಸುಲಭ. ಆದರೆ ಅದರ ತೊಂದರೆಗಳೂ ಕಡಿಮೆ ಏನಲ್ಲ. ಫ್ಲೋರಿನ್ ಇರುವ ಅನಿಲವಾದ್ದರಿಂದ ಎಲೆಕ್ಟ್ರಾನ್‌ಗಳು ದಾರಿಯಲ್ಲೇ ಅಂಟಿಕೊಂಡು ಕಳೆದುಹೋಗುವ ಭಯ ಇದೆ. ಹಾಗಾಗಿ ಒತ್ತಡ ಜಾಸ್ತಿ ಮಾಡುವಂತಿಲ್ಲ. ಸಾಮಾನ್ಯವಾಗಿ ಅರ್ಧದಿಂದ ಒಂದು ವಾತಾವರಣದಷ್ಟು ಒತ್ತಡ, ತಂತಿಗೆ 2,000ದಿಂದ 3,000 ವೋಲ್ಟ್. ನೈಸರ್ಗಿಕ ಬೋರಾನ್‌ನಲ್ಲಿ ಬೋರಾನ್-10 ಇರುವುದು ಐದರಲ್ಲಿ ಒಂದು ಪಾಲು ಮಾತ್ರ, ಅದಕ್ಕೇ 96% ತನಕ ಸಾಂದ್ರ ಮಾಡಿ ತುಂಬುತ್ತಾರೆ. ಅಷ್ಟೆಲ್ಲ ಮಾಡಿದರೂ ಒಂದು ವಾತಾವರಣದ ಒತ್ತಡದಲ್ಲಿ 2.5 ಸೆಂಟಿಮೀಟರ್ ದಾಟುವ ಥರ್ಮಲ್ ನ್ಯೂಟ್ರಾನ್ ಸಿಕ್ಕಿಬೀಳುವುದು 21% ಸಲ. ನಿಮ್ಮ ಹೀಲಿಯಂ ಟ್ಯೂಬ್‌ನ 74% ಪಕ್ಕದಲ್ಲಿ ಇದು ಬಡಪಾಯಿ. ಇದಕ್ಕೆ ಪರಿಹಾರ ಎಂದರೆ ದೊಡ್ಡ ಟ್ಯೂಬ್ ಹಾಕಬೇಕು, ಇಲ್ಲವೇ ಹಲವು ಟ್ಯೂಬ್‌ಗಳನ್ನು ಸಾಲಾಗಿ ಜೋಡಿಸಬೇಕು.

ಹಾಗಿದ್ದರೆ ಎಲ್ಲರೂ ಹೀಲಿಯಂ-3 ಬಳಸಬಹುದಿತ್ತಲ್ವಾ? ಅದು ಸಿಗಬೇಕಲ್ಲ! ನೈಸರ್ಗಿಕ ಹೀಲಿಯಂನಲ್ಲಿ ಅದು ಹತ್ತು ಲಕ್ಷಕ್ಕೆ ಒಂದೆರಡು ಪಾಲಿಗಿಂತ ಜಾಸ್ತಿ ಇರುವುದಿಲ್ಲ. ನಮಗೆ ಸಿಗುವುದೆಲ್ಲ 12.3 ವರ್ಷದ ಅರ್ಧಾಯುಷ್ಯದ ಟ್ರಿಷಿಯಂ ಕ್ಷಯಿಸಿ ಉಳಿದದ್ದು. ಅಣ್ವಸ್ತ್ರಗಳಿಗೆಂದು ಇಟ್ಟ ಟ್ರಿಷಿಯಂ ಅದರ ಮುಖ್ಯ ಮೂಲ. 2008ರ ಸುಮಾರಿಗೆ ಬೇಡಿಕೆ ಏರಿ ಸಂಗ್ರಹ ಕರಗಿದಾಗ ತುಂಬ ಜನ ಮತ್ತೆ ಬೋರಾನ್ ಕಡೆ ತಿರುಗಿದರು.

ಬಿಎಫ್3 ಟ್ಯೂಬ್ ಕೈಗೆ ಬಂದರೆ ಎರಡು ವಿಷಯ ಗಮನಿಸಿ. ಒಂದು, ಅನಿಲ ವಿಷಕಾರಿ. ಸೋರಿದರೆ ಗಾಳಿಯ ತೇವದ ಜತೆ ಸೇರಿ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಆದ್ದರಿಂದ ಕೆಳಗೆ ಬಿದ್ದು ತಗ್ಗಾದ, ಬೆಸುಗೆ ಬಿಟ್ಟ ಟ್ಯೂಬನ್ನು ರಿಪೇರಿ ಮಾಡಲು ಹೋಗಬೇಡಿ. ಎರಡು, ಅದಕ್ಕೆ ವಯಸ್ಸಾಗುತ್ತದೆ. ಅವಲಾಂಚ್‌ಗಳಲ್ಲಿ ಅನಿಲದ ಅಣುಗಳು ಒಡೆದು, ತಂತಿಯ ಮೇಲೂ ಗೋಡೆಯ ಮೇಲೂ ಕಲ್ಮಶ ಕೂರುತ್ತದೆ. ಸಾವಿರ ಕೋಟಿಯಿಂದ ಹತ್ತು ಸಾವಿರ ಕೋಟಿ ಎಣಿಕೆಯ ಹೊತ್ತಿಗೆ ಪೀಕ್ ಮೊದಲಿನ ಹಾಗೆ ನಿಲ್ಲುವುದಿಲ್ಲ. ಅಗಲವಾಗುತ್ತದೆ, ಎಡಕ್ಕೆ ಜಾರುತ್ತದೆ, ತಗ್ಗು ತುಂಬುತ್ತದೆ. ಹೈ ವೋಲ್ಟೇಜ್ ಏರಿಸಿ ಪೀಕನ್ನು ಮತ್ತೆ ಹಳೆಯ ಚಾನೆಲ್‌ಗೆ ತರಬಹುದು, ಆದರೆ ಅಗಲ ಹಾಗೇ ಉಳಿಯುತ್ತದೆ. ಹೊಸದರಲ್ಲೇ ಒಂದು ಸ್ಪೆಕ್ಟ್ರಮ್ ತೆಗೆದು ವೋಲ್ಟೇಜ್, ಗೇನ್, ಶೇಪಿಂಗ್ ಜತೆ ಇಟ್ಟುಕೊಂಡಿದ್ದರೆ ಇದು ತಕ್ಷಣ ಗೊತ್ತಾಗುತ್ತದೆ. ಹೀಲಿಯಂ-3ರ ಈಗಿನ ಸ್ಪೆಕ್ಟ್ರಮನ್ನೂ ಹಾಗೇ ಎತ್ತಿಡಿ: 640, 480, 160.